ಸಮಿತಿ ಒಂದೋ, ಹಲವೋ?

ಜತ್ತ ತಾಲೂಕಿನ ಡಫಳಾಪುರದಂತಹ ಗಡಿ ಊರುಗಳಲ್ಲಿ ಬೆಳೆಯುವ ನಮ್ಮ ಮಕ್ಕಳ ತಲೆಯಲ್ಲಿ ಮೂರು ವ್ಯಾಕರಣಗಳು ಒಟ್ಟಿಗೆ ಸಂಸಾರ ಹೂಡಿರುತ್ತವೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಪರೀಕ್ಷೆಗೂ ದೂರದೂರಿನ ಪತ್ರಗಳಿಗೂ ಇಂಗ್ಲಿಷ್. ಮೂರೂ ಭಾಷೆಗಳು ಕರ್ತೃವನ್ನೂ ಕ್ರಿಯಾಪದವನ್ನೂ ಮೂರು ಬಗೆಯಾಗಿ ಹೊಂದಿಸುವುದರಿಂದ, ಗುಂಪನ್ನು ಸೂಚಿಸುವ ನಾಮಪದ ಬಂದ ಕಡೆ ಮಕ್ಕಳ ಲೇಖನಿ ತಡೆಯುತ್ತದೆ. ‘ಕಮಿಟಿ’ ಎಂದ ಮೇಲೆ ‘ಹ್ಯಾಸ್’ ಎನ್ನಬೇಕೋ, ‘ಹ್ಯಾವ್’ ಎನ್ನಬೇಕೋ? ‘ಫ್ಯಾಮಿಲಿ’ ಎಂದ ಮೇಲೆ ‘ಈಸ್’ ಸರಿಯೋ, ‘ಆರ್’ ಸರಿಯೋ? ಈ ತಿಂಗಳು ಇದೊಂದೇ ಸಂಗತಿಯನ್ನು ಓದುಗ ಬಂಧುಗಳ ಮುಂದಿಟ್ಟು ವಿಚಾರಿಸೋಣ.

ಒಂದು ವಾಕ್ಯವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕನ್ನಡ ಶಾಲೆಯೊಂದರ ಪಾಲಕರ ಸಮಿತಿಯು ಪಠ್ಯಪುಸ್ತಕಗಳ ವಿಷಯವಾಗಿ ಒಂದು ಅರ್ಜಿಯನ್ನು ಕಳುಹಿಸಿದೆ, ಉತ್ತರ ಬಂದಿಲ್ಲ. ಈ ಸಂಗತಿಯನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಇಂಗ್ಲಿಷಿನಲ್ಲಿ ತಿಳಿಸಬೇಕಾಗಿದೆ. ಮನೆಯಲ್ಲಿ ಹತ್ತನೆಯ ಇಯತ್ತೆಯಲ್ಲಿ ಓದುವ ಮಗಳು ಹೀಗೆ ಬರೆದುಕೊಟ್ಟಳೆಂದು ಇಟ್ಟುಕೊಳ್ಳಿ: ‘ದಿ ಕಮಿಟಿ ಆಫ್ ಪೇರೆಂಟ್ಸ್ ಹ್ಯಾವ್ ಸೆಂಟ್ ಇಟ್ಸ್ ಅಪ್ಲಿಕೇಶನ್, ಬಟ್ ಹ್ಯಾಸ್ ರಿಸೀವ್ಡ್ ನೋ ರಿಪ್ಲೈ.’ ಈ ಒಂದು ವಾಕ್ಯದಲ್ಲಿ ಸಮಿತಿಯು ಮೊದಲು ಹಲವರಾಯಿತು, ಎರಡೇ ಪದಗಳ ಅನಂತರ ಒಂದಾಯಿತು, ಕೊನೆಯವರೆಗೂ ಒಂದಾಗಿಯೇ ಉಳಿಯಿತು. ಅರ್ಜಿ ಯಾರದು? ಸಮಿತಿಯೆಂಬ ಸಂಸ್ಥೆಯದೋ, ಪಾಲಕರು ಒಬ್ಬೊಬ್ಬರಾಗಿ ಬರೆದದ್ದೋ? ಓದುವವರಿಗೆ ಈ ಸಂದೇಹ ಹುಟ್ಟಬಾರದು.

ಪರಿಶೀಲನೆಯ ಮೊದಲ ಹೆಜ್ಜೆಯೆಂದರೆ ನಿಜವಾದ ಕರ್ತೃಪದವನ್ನು ಹುಡುಕುವುದು. ಕ್ರಿಯಾಪದಕ್ಕೆ ತೀರ ಹತ್ತಿರದಲ್ಲಿ ‘ಪೇರೆಂಟ್ಸ್’ ಎಂಬ ಬಹುವಚನವಿದೆ. ಮಗಳ ಕಿವಿ ಅದನ್ನೇ ಕೇಳಿ ‘ಹ್ಯಾವ್’ ಎಂದು ಬರೆಸಿರಬಹುದು. ಆದರೆ ‘ಆಫ್ ಪೇರೆಂಟ್ಸ್’ ಎಂಬುದು ಎಂತಹ ಸಮಿತಿ ಎಂಬುದನ್ನು ಹೇಳುವ ವಿಶೇಷಣ ಮಾತ್ರ. ಅದನ್ನು ಬೆರಳಿನಿಂದ ಮುಚ್ಚಿ ವಾಕ್ಯವನ್ನು ಮತ್ತೆ ಓದಬೇಕು. ಆಗ ಉಳಿಯುವ ಕರ್ತೃ ‘ಕಮಿಟಿ’. ಅದು ರೂಪದಲ್ಲಿ ಏಕವಚನ, ಅರ್ಥದಲ್ಲಿ ಒಂದು ಗುಂಪು.

ಎರಡನೆಯ ಹೆಜ್ಜೆ, ಕ್ರಿಯಾಪದವು ವಚನವನ್ನು ತೋರಿಸುತ್ತದೆಯೇ ಎಂದು ನೋಡುವುದು. ಇಂಗ್ಲಿಷಿನ ಎಲ್ಲ ಕ್ರಿಯಾಪದಗಳೂ ತೋರಿಸುವುದಿಲ್ಲ. ‘ಸೆಂಟ್’ ಎಂಬ ಭೂತಕಾಲದ ರೂಪ ಒಂದಕ್ಕೂ ಹಲವಕ್ಕೂ ಒಂದೇ. ‘ಶಲ್’, ‘ವಿಲ್’, ‘ಮೇ’ ಎಂಬ ಸಹಾಯಕ ಪದಗಳೂ ಹಾಗೆಯೇ. ಈಸ್ ಮತ್ತು ಆರ್, ವಾಸ್ ಮತ್ತು ವರ್, ಹ್ಯಾಸ್ ಮತ್ತು ಹ್ಯಾವ್ ಎಂಬ ಜೋಡಿಗಳಲ್ಲಿಯೂ, ವರ್ತಮಾನಕಾಲದ ಕೊನೆಯಲ್ಲಿ ಬರುವ ‘ಸ್’ ಅಕ್ಷರದಲ್ಲಿಯೂ ಮಾತ್ರ ವಚನವು ಹೊರಬೀಳುತ್ತದೆ. ಕ್ರಿಯಾಪದ ಬಾಯಿ ಬಿಡದಿದ್ದಲ್ಲಿ ಸರ್ವನಾಮವನ್ನು ನೋಡಬೇಕು. ‘ಇಟ್ಸ್’ ಎಂದಿದ್ದರೆ ಬರೆದವರು ಗುಂಪನ್ನು ಒಂದೆಂದು ಎಣಿಸಿದ್ದಾರೆ. ‘ದೇರ್’ ಎಂದಿದ್ದರೆ ಹಲವರೆಂದು ಎಣಿಸಿದ್ದಾರೆ.

ಮೂರನೆಯದು ಅರ್ಥದ ಪ್ರಶ್ನೆ, ಮತ್ತು ಇದೇ ಮುಖ್ಯವಾದುದು. ಹೇಳಿದ ಕೆಲಸವನ್ನು ಗುಂಪು ಒಂದಾಗಿ ಮಾಡಿತೋ, ಅಥವಾ ಅದರೊಳಗಿನವರು ಬೇರೆ ಬೇರೆಯಾಗಿ ಮಾಡಿದರೋ? ಸಮಿತಿ ಕಳುಹಿಸಿದ್ದು ಒಂದೇ ಅರ್ಜಿ, ಕಳುಹಿಸಿದ್ದು ಸಮಿತಿಯಾಗಿಯೇ. ಆದುದರಿಂದ ‘ಹ್ಯಾಸ್ ಸೆಂಟ್’ ಎಂಬುದೇ ಯುಕ್ತ. ಅದೇ ಸಮಿತಿಯ ಸಭೆಯಲ್ಲಿ ಭಿನ್ನಾಭಿಪ್ರಾಯ ಉಂಟಾಗಿ ಕೆಲವರು ಒಂದು ಕಡೆ, ಕೆಲವರು ಇನ್ನೊಂದು ಕಡೆ ವಾಲಿದರೆ ‘ದಿ ಕಮಿಟಿ ಆರ್ ಡಿವೈಡೆಡ್ ಇನ್ ದೇರ್ ಒಪಿನಿಯನ್ಸ್’ ಎನ್ನಬಹುದು, ಏಕೆಂದರೆ ಅಭಿಪ್ರಾಯಗಳು ಸದಸ್ಯರವು. ‘ಫ್ಯಾಮಿಲಿ’ಗೂ ಇದೇ ನ್ಯಾಯ. ‘ಮೈ ಫ್ಯಾಮಿಲಿ ಈಸ್ ಲಾರ್ಜ್’ ಎಂದಾಗ ದೊಡ್ಡದಾಗಿರುವುದು ಕುಟುಂಬ, ಒಬ್ಬೊಬ್ಬರೂ ದೊಡ್ಡವರೆಂದಲ್ಲ. ‘ಮೈ ಫ್ಯಾಮಿಲಿ ಆರ್ ಅರ್ಲಿ ರೈಸರ್ಸ್’ ಎಂದಾಗ ಬೆಳಗಿನ ಜಾವ ಏಳುವವರು ಮನೆಯ ಒಬ್ಬೊಬ್ಬ ಮನುಷ್ಯರು.

ಇಲ್ಲಿ ನಮ್ಮ ಮನೆಮಾತು ಒಂದು ಸಹಾಯವನ್ನೂ ಮಾಡುತ್ತದೆ, ಒಂದು ಮೋಸವನ್ನೂ ಮಾಡುತ್ತದೆ. ಕನ್ನಡದಲ್ಲಿ ‘ಸಮಿತಿ ಅರ್ಜಿ ಕಳುಹಿಸಿದೆ’ ಎನ್ನುವಂತೆಯೇ ‘ಸಮಿತಿಯವರು ಅರ್ಜಿ ಕಳುಹಿಸಿದ್ದಾರೆ’ ಎಂದೂ ಸಹಜವಾಗಿ ಹೇಳುತ್ತೇವೆ. ಎರಡನೆಯದರಲ್ಲಿ ‘ಅವರು’ ಸೇರಿದ್ದು ಮರ್ಯಾದೆಗಾಗಿಯೂ ಇರಬಹುದು, ರೂಢಿಯಿಂದಲೂ ಇರಬಹುದು. ಕೆಲಸವನ್ನು ಬೇರೆ ಬೇರೆಯಾಗಿ ಮಾಡಿದರೆಂದು ಅದರಿಂದ ತಿಳಿಯುವುದಿಲ್ಲ. ಈ ‘ಅವರು’ವನ್ನು ನಂಬಿ ಇಂಗ್ಲಿಷಿಗೆ ಹೋದರೆ ‘ಹ್ಯಾವ್’ ತಾನಾಗಿ ಬಂದುಬಿಡುತ್ತದೆ. ಅದಕ್ಕೆ ಬದಲಾಗಿ ‘ತಮ್ಮ ತಮ್ಮ’ ಎಂಬ ಜೋಡಿಪದವನ್ನು ವಾಕ್ಯದಲ್ಲಿ ಇಟ್ಟು ನೋಡಬೇಕು. ‘ಸಮಿತಿಯವರು ತಮ್ಮ ತಮ್ಮ ಜಾಗದಲ್ಲಿ ಕುಳಿತರು’ ಎಂಬುದು ಒಪ್ಪುತ್ತದೆ; ಇಲ್ಲಿ ಇಂಗ್ಲಿಷಿನಲ್ಲಿಯೂ ಬಹುವಚನ ಸಲ್ಲುತ್ತದೆ. ‘ಸಮಿತಿಯವರು ತಮ್ಮ ತಮ್ಮ ಅರ್ಜಿಯನ್ನು ಕಳುಹಿಸಿದರು’ ಎಂದರೆ ಅರ್ಥವೇ ಕೆಟ್ಟು, ಒಂದು ಅರ್ಜಿ ಹತ್ತಾಗುತ್ತದೆ. ಅಲ್ಲಿ ಏಕವಚನವನ್ನೇ ಹಿಡಿಯಬೇಕು.

ಮರಾಠಿಯ ದಾರಿ ಇನ್ನೂ ಬೇರೆ. ‘ಸಮಿತೀನೆ ನಿರ್ಣಯ ಘೇತಲಾ’ ಎಂಬಲ್ಲಿ ‘ಘೇತಲಾ’ ಎಂಬ ಕ್ರಿಯಾಪದವು ಸಮಿತಿಯನ್ನು ಅನುಸರಿಸುವುದಿಲ್ಲ. ಪುಲ್ಲಿಂಗದ ‘ನಿರ್ಣಯ’ವನ್ನು ಅನುಸರಿಸುತ್ತದೆ. ಭೂತಕಾಲದಲ್ಲಿ ಕರ್ತೃವಿಗೆ ‘ನೆ’ ಹತ್ತಿದಾಗ ಅಲ್ಲಿಯ ಪದ್ಧತಿಯೇ ಹೀಗೆ. ಇಂಗ್ಲಿಷಿನ ಕ್ರಿಯಾಪದ ಕರ್ಮದ ಕಡೆಗೆ ಎಂದೂ ತಿರುಗುವುದಿಲ್ಲ. ಸಮಿತಿ ಒಂದು ಅರ್ಜಿ ಕಳುಹಿಸಲಿ, ಹತ್ತು ಅರ್ಜಿ ಕಳುಹಿಸಲಿ, ‘ಹ್ಯಾಸ್’ ಎಂಬುದು ‘ಹ್ಯಾಸ್’ ಆಗಿಯೇ ಉಳಿಯುತ್ತದೆ.

ನಾಲ್ಕನೆಯ ಹೆಜ್ಜೆ, ಹಿಡಿದ ದಾರಿಯನ್ನು ವಾಕ್ಯದ ಕೊನೆಯವರೆಗೆ ಬಿಡದಿರುವುದು. ಒಂದೆಂದು ಎಣಿಸಿದ ಮೇಲೆ ಮುಂದಿನ ಕ್ರಿಯಾಪದ, ಸರ್ವನಾಮಗಳೆಲ್ಲವೂ ಒಂದನ್ನೇ ಹೇಳಬೇಕು. ಮಗಳ ವಾಕ್ಯವನ್ನು ಈಗ ತಿದ್ದೋಣ: ‘ದಿ ಕಮಿಟಿ ಆಫ್ ಪೇರೆಂಟ್ಸ್ ಹ್ಯಾಸ್ ಸೆಂಟ್ ಇಟ್ಸ್ ಅಪ್ಲಿಕೇಶನ್, ಬಟ್ ಹ್ಯಾಸ್ ರಿಸೀವ್ಡ್ ನೋ ರಿಪ್ಲೈ.’ ಬದಲಾದುದು ಒಂದೇ ಪದ; ಆದರೆ ಈಗ ಅರ್ಜಿ ಯಾರದೆಂಬುದರಲ್ಲಿ ಸಂದೇಹವಿಲ್ಲ.

ಇದು ಶಾಲೆಯ ಪುಸ್ತಕದ ಮಾತಷ್ಟೇ ಎಂದು ಯಾರೂ ತಿಳಿಯಬೇಕಾಗಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದಲ್ಲಿ, ಅದೂ ಗಡಿಯವರಾದ ನಮಗೆ ನೇರವಾಗಿ ಸಂಬಂಧಿಸಿದ ಎರಡು ಅನುಚ್ಛೇದಗಳಲ್ಲಿ, ಈ ಎರಡು ಎಣಿಕೆಗಳೂ ಕಾಣುತ್ತವೆ. ತನ್ನದೇ ಆದ ಭಾಷೆ, ಲಿಪಿ ಅಥವಾ ಸಂಸ್ಕೃತಿಯುಳ್ಳ ನಾಗರಿಕರ ಯಾವುದೇ ವರ್ಗಕ್ಕೆ ಅದನ್ನು ಕಾಪಾಡಿಕೊಳ್ಳುವ ಹಕ್ಕಿದೆಯೆಂದು 29ನೆಯ ಅನುಚ್ಛೇದ ಹೇಳುತ್ತದೆ. ಇಂಗ್ಲಿಷ್ ಪಾಠದಲ್ಲಿ ಕರ್ತೃ ‘ಎನಿ ಸೆಕ್ಷನ್ ಆಫ್ ದಿ ಸಿಟಿಜನ್ಸ್’. ಕ್ರಿಯಾಪದ ‘ಶಲ್ ಹ್ಯಾವ್’ ಆದುದರಿಂದ ಅದು ವಚನವನ್ನು ಮುಚ್ಚಿಡುತ್ತದೆ. ‘ಶಲ್’ ನಂತರ ಬರುವ ‘ಹ್ಯಾವ್’ ಎರಡೂ ವಚನಗಳಿಗೆ ಒಂದೇ. ಆದರೆ ಭಾಷೆ, ಸಂಸ್ಕೃತಿಗಳ ಮಾತಿನಲ್ಲಿ ‘ಆಫ್ ಇಟ್ಸ್ ಓನ್’ ಎಂಬ ಪದಗಳಿವೆ. ವರ್ಗವು ಇಲ್ಲಿ ಒಂದು. ಭಾಷೆಯು ಒಬ್ಬೊಬ್ಬರ ಸೊತ್ತಲ್ಲ, ಒಂದು ಸಮುದಾಯದ ಸೊತ್ತು ಎಂಬ ಅರ್ಥಕ್ಕೆ ಈ ಏಕವಚನ ಹೊಂದುತ್ತದೆ.

347ನೆಯ ಅನುಚ್ಛೇದ ಬೇರೆ ಸಂಗತಿಯನ್ನು ಹೇಳುತ್ತದೆ. ಒಂದು ರಾಜ್ಯದ ಜನಸಂಖ್ಯೆಯ ಗಣನೀಯ ಭಾಗವು ತಾನಾಡುವ ಭಾಷೆಗೆ ರಾಜ್ಯದ ಮನ್ನಣೆಯನ್ನು ಬಯಸುತ್ತದೆಂದು ರಾಷ್ಟ್ರಪತಿಗಳಿಗೆ ಮನವರಿಕೆಯಾದರೆ, ಅವರು ಆ ಬಗ್ಗೆ ನಿರ್ದೇಶನ ನೀಡಬಹುದು. ಇಲ್ಲಿಯ ಕರ್ತೃ ‘ಎ ಸಬ್‌ಸ್ಟಾನ್ಷಿಯಲ್ ಪ್ರೊಪೋರ್ಶನ್ ಆಫ್ ದಿ ಪಾಪ್ಯುಲೇಶನ್’. ‘ಪ್ರೊಪೋರ್ಶನ್’ ಏಕವಚನ, ‘ಪಾಪ್ಯುಲೇಶನ್’ ಕೂಡ ಏಕವಚನ. ಆದರೂ ಕ್ರಿಯಾಪದ ‘ಡಿಸಾಯರ್ಸ್’ ಅಲ್ಲ, ‘ಡಿಸಾಯರ್’. ಮುಂದೆ ‘ಇಟ್’ ಅಲ್ಲ, ‘ದೆಮ್’. ಬಹುವಚನ ರೂಪದಿಂದ ಬಂದುದಲ್ಲ, ಅರ್ಥದಿಂದ ಬಂದುದು. ಬಯಸುವವರೂ ಮಾತನಾಡುವವರೂ ಮನುಷ್ಯರು. ಎಷ್ಟು ಮಂದಿ ಬಯಸುತ್ತಾರೆಂಬುದೇ ಇಲ್ಲಿಯ ಪ್ರಶ್ನೆ. ಸ್ವಂತ ಭಾಷೆಯನ್ನು ಕಾಪಾಡುವಾಗ ನಾವು ಒಂದು ವರ್ಗ. ಮನ್ನಣೆಯನ್ನು ಕೇಳುವಾಗ ನಾವು ಹಲವು ಜನ. ಎರಡು ಕಡೆಯೂ ಹಿಡಿದ ಎಣಿಕೆಯನ್ನು ಆಯಾ ವಾಕ್ಯದೊಳಗೆ ಕದಲಿಸಿಲ್ಲವೆಂಬುದನ್ನು ಗಮನಿಸಬೇಕು.

‘ಆಫ್’ ಅನಂತರದ ಭಾಗವನ್ನು ಮುಚ್ಚಿ ಓದಬೇಕೆಂಬ ಮೊದಲ ಹೆಜ್ಜೆಗೆ ಒಂದು ಮಿತಿಯಿದೆಯೆಂಬುದೂ ಇದರಿಂದ ತಿಳಿಯುತ್ತದೆ. ‘ಪ್ರೊಪೋರ್ಶನ್’, ‘ಮೆಜಾರಿಟಿ’ಯಂತಹ ಅಳತೆಯ ಪದಗಳು ಬಂದಾಗ, ಯಾರ ಅಳತೆ ಎಂಬುದನ್ನು ಮುಚ್ಚಿದರೆ ಅರ್ಥವೇ ಉಳಿಯುವುದಿಲ್ಲ. ಅಲ್ಲಿ ‘ಆಫ್’ ಆಚೆಗೂ ಕಣ್ಣು ಹಾಯಿಸಬೇಕು. ‘ಕಮಿಟಿ’, ‘ಟೀಮ್’, ‘ಫ್ಯಾಮಿಲಿ’ಗಳಂತಹ ಪದಗಳಿಗೆ ಮಾತ್ರ ಬೆರಳು ಮುಚ್ಚುವ ಉಪಾಯ ನಿಸ್ಸಂಶಯವಾಗಿ ಸಲ್ಲುತ್ತದೆ. ಇನ್ನು ‘ಪೀಪಲ್’, ‘ಪೋಲೀಸ್’, ‘ಕ್ಯಾಟಲ್’ ಎಂಬ ಪದಗಳಲ್ಲಿ ಆಯ್ಕೆಗೆ ಆಸ್ಪದವೇ ಇಲ್ಲ. ಬರಗಾಲದಲ್ಲಿ ದನಗಳಿಗೆ ಮೇವಿಲ್ಲವೆಂದು ಬರೆಯುವಾಗ ‘ದಿ ಕ್ಯಾಟಲ್ ಹ್ಯಾವ್ ನೋ ಫಾಡರ್’ ಎಂದೇ ಬರೆಯಬೇಕು.

ಪರೀಕ್ಷೆ ಬರೆಯುವ ಮಕ್ಕಳು ಇನ್ನೊಂದು ಭೇದವನ್ನು ತಿಳಿದಿರುವುದು ಲೇಸು. ಗುಂಪಿನ ಪದಕ್ಕೆ ಅರ್ಥಾನುಸಾರವಾಗಿ ಎರಡೂ ವಚನಗಳನ್ನು ಬಳಸುವುದು ಬ್ರಿಟಿಷ್ ಇಂಗ್ಲಿಷಿನ ವಾಡಿಕೆ. ನಮ್ಮಲ್ಲಿ ಮನೆಮನೆಗೂ ಪರಿಚಿತವಾದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವೂ ಇದನ್ನೇ ಕಲಿಸುತ್ತದೆ. ಅಮೆರಿಕದ ಬರವಣಿಗೆಯಲ್ಲಿ ಸಾಮಾನ್ಯವಾಗಿ ಏಕವಚನವೇ ನಡೆಯುತ್ತದೆ. ಹೀಗಾಗಿ ಸದಸ್ಯರು ಬೇರೆ ಬೇರೆಯೆಂಬ ಸೂಚನೆ ವಾಕ್ಯದಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಏಕವಚನವನ್ನು ಆರಿಸುವುದೇ ಕ್ಷೇಮ. ಅದು ಎರಡೂ ಕಡೆ ಸಲ್ಲುತ್ತದೆ. ಸೂಚನೆಯಿದ್ದೂ ‘ಕಮಿಟಿ ಆರ್’ ಎಂಬುದು ಕಿವಿಗೆ ಒಗ್ಗದಿದ್ದರೆ, ‘ದಿ ಮೆಂಬರ್ಸ್ ಆಫ್ ದಿ ಕಮಿಟಿ’ ಎಂದು ಬರೆದುಬಿಡಬಹುದು. ಆಗ ಕರ್ತೃವು ರೂಪದಲ್ಲಿಯೂ ಬಹುವಚನವಾಗಿ, ‘ಆರ್’ ಮತ್ತು ‘ದೇರ್’ ಎಂಬುವು ಯಾರ ತಕರಾರೂ ಇಲ್ಲದೆ ನಿಲ್ಲುತ್ತವೆ.