ಸಾಧನೆಯ ಹಂದರ: ಪಾಠ ಯೋಜನೆಗೂ ಮೊದಲು ಒಂದು ಹಾಳೆ

ಬೋಧನಾ ಅಭ್ಯಾಸದ ವಾರಗಳಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಪ್ರೌಢಶಾಲೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಗಣಿತ ಪಾಠ ವೀಕ್ಷಿಸುವುದು ನನ್ನ ಕೆಲಸ. ಹತ್ತನೇ ತರಗತಿಯ ಪ್ರಮೇಯದ ಪಾಠ ಬಂದರೆ ನಾಲ್ಕೂ ಕಡೆ ಕಾಣುವುದು ಬಹುತೇಕ ಒಂದೇ ಚಿತ್ರ. ಹಲಗೆಯ ಎಡಕ್ಕೆ ಆಕೃತಿ, ಬಲಕ್ಕೆ ದತ್ತ, ಸಾಧನೀಯ, ರಚನೆ, ಸಾಧನೆ. ಹಲಗೆಯ ಮೇಲೆ ಬಂದದ್ದೆಲ್ಲ ಸರಿ, ಮಕ್ಕಳು ಬರೆದುಕೊಂಡದ್ದೂ ಸರಿ. ಆದರೆ ಪಾಠ ಮುಗಿದ ಮೇಲೆ ‘ಈ ಸಾಧನೆಯಲ್ಲಿ ನಿಜವಾಗಿ ನಡೆದದ್ದೇನು?’ ಎಂದು ಪ್ರಶಿಕ್ಷಣಾರ್ಥಿಯನ್ನು ಕೇಳಿದರೆ, ಅವರು ಮೊದಲ ಸಾಲಿನಿಂದ ಮತ್ತೆ ಓದಲು ತೊಡಗುತ್ತಾರೆ. ಇದು ಅವರ ತಪ್ಪಲ್ಲ. ಸಾಧನೆಯನ್ನು ಸಾಲುಗಳ ಪಟ್ಟಿಯಾಗಿ ನಾವೇ ಕಲಿಸಿದ್ದೇವೆ.

ನನ್ನ ಅಭಿಪ್ರಾಯ ಸರಳ. ಪ್ರಮೇಯದ ಪಾಠಕ್ಕೆ ಪಾಠ ಯೋಜನೆ ಬರೆಯುವ ಮೊದಲು ಪ್ರಶಿಕ್ಷಣಾರ್ಥಿ ಆ ಸಾಧನೆಯ ಹಂದರವನ್ನು ಒಂದೇ ಹಾಳೆಯಲ್ಲಿ ಬರೆಯಬೇಕು. ಹಾಳೆಯಲ್ಲಿ ಮೂರು ಅಂಕಣ ಸಾಕು: ಯಾವುದನ್ನು ಒಪ್ಪಿಕೊಂಡಿದ್ದೇವೆ, ಮುಖ್ಯ ಹೆಜ್ಜೆಗಳು ಯಾವುವು, ಯುಕ್ತಿ ಎಲ್ಲಿದೆ. ಒಪ್ಪಿಕೊಂಡ ಪ್ರತಿಯೊಂದು ಸಂಗತಿಯ ಮುಂದೆ, ಅದು ಎಷ್ಟನೇ ಹೆಜ್ಜೆಯಲ್ಲಿ ಬಳಕೆಯಾಯಿತು ಎಂದು ನಮೂದಿಸಬೇಕು. ಈ ನಮೂದು ಇಲ್ಲದ ಹಾಳೆ ಬರೀ ಟಿಪ್ಪಣಿ.

ಥೇಲ್ಸ್‌ನ ಪ್ರಮೇಯವನ್ನೇ, ಅಂದರೆ ಮೂಲ ಸಮಾನುಪಾತತೆಯ ಪ್ರಮೇಯವನ್ನೇ ತೆಗೆದುಕೊಳ್ಳೋಣ. △ABC ಯಲ್ಲಿ AB ಮೇಲೆ D, AC ಮೇಲೆ E ಇವೆ. DE ∥ BC. ಆಗ AD/DB = AE/EC ಎಂದು ಸಾಧಿಸಬೇಕು. ಪಠ್ಯಪುಸ್ತಕದ ಸಾಧನೆಯಲ್ಲಿ BE ಮತ್ತು CD ಗಳನ್ನು ಸೇರಿಸಿ, E ಯಿಂದ AB ಗೆ EN ಲಂಬವನ್ನೂ D ಯಿಂದ AC ಗೆ DM ಲಂಬವನ್ನೂ ಎಳೆಯುತ್ತೇವೆ. ನಂತರ ½ × ಪಾದ × ಎತ್ತರದ ಸಾಲುಗಳು ಬರುತ್ತವೆ. ಹಲಗೆಯ ಮೇಲೆ ಇದು ಹತ್ತು ಹನ್ನೆರಡು ಸಾಲು. ಹಂದರಕ್ಕೆ ಇಳಿಸಿದರೆ ಉಳಿಯುವುದು ಇಷ್ಟು:

ಹೆಜ್ಜೆ 1: △ADE ಮತ್ತು △BDE ಗಳ ಪಾದಗಳು AD, DB, ಎತ್ತರ ಎರಡಕ್ಕೂ EN. ಆದ್ದರಿಂದ ವಿಸ್ತೀರ್ಣಗಳ ಅನುಪಾತ AD/DB.

ಹೆಜ್ಜೆ 2: △ADE ಮತ್ತು △DEC ಗಳ ಪಾದಗಳು AE, EC, ಎತ್ತರ ಎರಡಕ್ಕೂ DM. ಆದ್ದರಿಂದ ವಿಸ್ತೀರ್ಣಗಳ ಅನುಪಾತ AE/EC.

ಹೆಜ್ಜೆ 3: △BDE ಮತ್ತು △DEC ಗಳ ವಿಸ್ತೀರ್ಣ ಸಮ. ಆದ್ದರಿಂದ ಎರಡೂ ಅನುಪಾತಗಳು ಸಮ.

ಈಗ ಒಪ್ಪಿಕೊಂಡ ಸಂಗತಿಗಳ ಅಂಕಣ ತುಂಬಬೇಕು. DE ∥ BC ಎಂಬ ದತ್ತ ಎಲ್ಲಿ ಬಳಕೆಯಾಯಿತು? ಮೊದಲನೇ ಹೆಜ್ಜೆಯಲ್ಲಿ ಅಲ್ಲ, ಎರಡನೆಯದರಲ್ಲೂ ಅಲ್ಲ. ಸಮಾಂತರ ಇರಲಿ ಇಲ್ಲದಿರಲಿ, ಆ ಎರಡು ಹೆಜ್ಜೆಗಳು ನಿಲ್ಲುತ್ತವೆ. ಸಮಾಂತರ ಬೇಕಾಗುವುದು ಮೂರನೆಯದರಲ್ಲಿ ಮಾತ್ರ. ಇಡೀ ಪ್ರಮೇಯದ ಭಾರ ಆ ಒಂದು ಹೆಜ್ಜೆಯ ಮೇಲಿದೆ. ಆದರೆ ನಾನು ನೋಡುವ ಪಾಠಗಳಲ್ಲಿ ಹೆಚ್ಚು ಸಮಯ ಹೋಗುವುದು ½ ಗಳನ್ನು ಹೊಡೆದುಹಾಕುವ ಮೊದಲೆರಡು ಹೆಜ್ಜೆಗಳಿಗೆ. ಮೂರನೆಯದು ಗಂಟೆ ಬಾರಿಸುವ ಹೊತ್ತಿಗೆ ‘ಒಂದೇ ಪಾದ, ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇವೆ’ ಎಂಬ ಒಂದು ಉಸಿರಿನಲ್ಲಿ ಮುಗಿಯುತ್ತದೆ.

ಹೊಳಲ್ಕೆರೆ ಕಡೆಯ ಒಂದು ಶಾಲೆಯಲ್ಲಿ ಹೀಗೇ ಆಯಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ‘ಮಿಸ್, ಆ ಎರಡು ತ್ರಿಭುಜ ನೋಡೋಕೆ ಬೇರೆ ಬೇರೆ ಥರ ಇವೆ, ಒಂದರ ಮೇಲೊಂದು ಬಿದ್ದೂ ಇವೆ, ಸಮ ಹೆಂಗೆ ಆಗ್ತವೆ?’ ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ‘ಒಂಬತ್ತನೇ ಕ್ಲಾಸಲ್ಲಿ ಓದಿದ್ದೀರಲ್ಲಮ್ಮ’ ಎಂದರು. ತರಗತಿ ಸುಮ್ಮನಾಯಿತು. ಆಮೇಲೆ ಮಕ್ಕಳನ್ನು ವಿಚಾರಿಸಿದರೆ, ಅವರು ಆ ಪ್ರಮೇಯವನ್ನು ಓದಿರಲೇ ಇಲ್ಲ. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯಭಾರ ಇಳಿಸಿದಾಗ ತನ್ನ ಒಂಬತ್ತನೇ ತರಗತಿಯ ಪುಸ್ತಕದಿಂದ ಸಮಾಂತರ ಚತುರ್ಭುಜ ಮತ್ತು ತ್ರಿಭುಜಗಳ ವಿಸ್ತೀರ್ಣದ ಅಧ್ಯಾಯವನ್ನೇ ಕೈಬಿಟ್ಟಿತು. ಹತ್ತನೆಯ ತರಗತಿಯ ಥೇಲ್ಸ್ ಪ್ರಮೇಯ ಮಾತ್ರ ಆ ಅಧ್ಯಾಯದ ಫಲಿತಾಂಶದ ಮೇಲೆಯೇ ನಿಂತಿದೆ. ನಮ್ಮ ಎದುರಿನ ಮಕ್ಕಳು ಯಾವ ವರ್ಷದ ಯಾವ ಪುಸ್ತಕ ಓದಿ ಬಂದಿದ್ದಾರೆ ಎಂಬುದನ್ನು ಶಾಲೆಯಲ್ಲೇ ಕೇಳಿ ತಿಳಿಯಬೇಕು. ಪಾಠ ಯೋಜನೆಯ ‘ಪೂರ್ವಜ್ಞಾನ’ದ ಜಾಗದಲ್ಲಿ ಆ ಪ್ರಶಿಕ್ಷಣಾರ್ಥಿ ಬರೆದಿದ್ದದ್ದು ‘ವಿದ್ಯಾರ್ಥಿಗಳಿಗೆ ತ್ರಿಭುಜದ ಪರಿಚಯವಿದೆ’ ಎಂಬ ಒಂದೇ ಸಾಲು. ಆ ಸಾಲು ಯಾವ ತ್ರಿಭುಜದ ಪಾಠಕ್ಕೂ ಸಲ್ಲುತ್ತದೆ, ಹಾಗಾಗಿ ಯಾವುದಕ್ಕೂ ಉಪಯೋಗವಿಲ್ಲ.

ಹಂದರದ ಹಾಳೆ ಇದ್ದಿದ್ದರೆ ಈ ಬಿರುಕು ಹಿಂದಿನ ರಾತ್ರಿಯೇ ಕಾಣುತ್ತಿತ್ತು. ಹೆಜ್ಜೆ 3ರ ಎದುರು ‘ಇದಕ್ಕೆ ಆಧಾರ ಏನು, ಮಕ್ಕಳಿಗೆ ಅದು ಗೊತ್ತೇ?’ ಎಂದು ಬರೆಯಬೇಕಾಗುತ್ತಿತ್ತು. ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ದುರಸ್ತಿ ಎರಡೇ ಸಾಲಿನದು. ಎರಡೂ ತ್ರಿಭುಜಗಳಿಗೆ DE ಯನ್ನು ಪಾದವೆಂದು ಹಿಡಿಯಿರಿ. ಒಂದರ ಎತ್ತರ B ಯಿಂದ DE ರೇಖೆಗಿರುವ ದೂರ, ಇನ್ನೊಂದರದು C ಯಿಂದ DE ರೇಖೆಗಿರುವ ದೂರ. BC ∥ DE ಆದ್ದರಿಂದ ಈ ದೂರಗಳು ಸಮ. ಪಾದ ಒಂದೇ, ಎತ್ತರ ಸಮ, ಆದ್ದರಿಂದ ವಿಸ್ತೀರ್ಣ ಸಮ. ಆಕಾರ ಬೇರೆ ಇದ್ದರೂ, ಒಂದರ ಮೇಲೊಂದು ಬಿದ್ದರೂ ಅಡ್ಡಿಯಿಲ್ಲ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು.

ಇನ್ನು ಯುಕ್ತಿಯ ಅಂಕಣ. ‘BE, CD ಸೇರಿಸುವುದು’ ಎಂದು ಬಹಳ ಜನ ಬರೆಯುತ್ತಾರೆ. ಅದು ರಚನೆ, ಯುಕ್ತಿಯಲ್ಲ. ನಮಗೆ ಬೇಕಾದದ್ದು ಉದ್ದಗಳ ಅನುಪಾತ. ಬೇರೆ ಬೇರೆ ಬಾಹುಗಳ ಮೇಲಿರುವ ಆ ಉದ್ದಗಳನ್ನು ನೇರವಾಗಿ ಹೋಲಿಸಲು ದಾರಿಯಿಲ್ಲ. ಆದ್ದರಿಂದ ಎರಡನ್ನೂ ವಿಸ್ತೀರ್ಣಕ್ಕೆ ಬದಲಾಯಿಸುತ್ತೇವೆ. △ADE ಯನ್ನು ಒಮ್ಮೆ AD ಪಾದದ ಮೇಲೆ, ಇನ್ನೊಮ್ಮೆ AE ಪಾದದ ಮೇಲೆ ನಿಲ್ಲಿಸುತ್ತೇವೆ. ಒಂದೇ ವಿಸ್ತೀರ್ಣವನ್ನು ಎರಡು ಬಗೆಯಲ್ಲಿ ನೋಡುವುದೇ ಇಲ್ಲಿನ ಯುಕ್ತಿ. ಹೀಗೆ ಬರೆದಾಗ BE, CD ಏಕೆ ಬೇಕಾದವು ಎಂಬುದೂ ಹೊಳೆಯುತ್ತದೆ: ಅವುಗಳಿಲ್ಲದೆ DB, EC ಗಳ ಮೇಲೆ ತ್ರಿಭುಜಗಳೇ ಇರುವುದಿಲ್ಲ. ಯುಕ್ತಿಯ ಅಂಕಣದಲ್ಲಿ ‘ಏನು ಮಾಡಿದೆವು’ ಎಂಬುದರ ಜೊತೆಗೆ ‘ಯಾವ ತೊಡಕಿಗಾಗಿ’ ಎಂಬುದೂ ಇರಬೇಕು.

ಹಂದರ ಸರಿಯಾಗಿದೆಯೇ ಎಂದು ತಿಳಿಯಲು ನಾನು ಒಂದು ಪರೀಕ್ಷೆ ಮಾಡುತ್ತೇನೆ: ದತ್ತವನ್ನು ಕೆಡಿಸಿ ನೋಡುವುದು. AD = 3, DB = 2, AE = 4.5, EC = 3 ಸೆಂ.ಮೀ. ಇರಲಿ, △ADE ವಿಸ್ತೀರ್ಣ 6 ಚ.ಸೆಂ.ಮೀ. ಎಂದಿಟ್ಟುಕೊಳ್ಳಿ. ಹೆಜ್ಜೆ 1ರಂತೆ △BDE = 6 × 2/3 = 4. ಹೆಜ್ಜೆ 2ರಂತೆ △DEC = 6 × 3/4.5 = 4. ಎರಡೂ ಸಮ. ಈಗ C ಯನ್ನು ಅದೇ ರೇಖೆಯ ಮೇಲೆ ದೂರ ಸರಿಸಿ EC = 4.5 ಮಾಡಿ. ಮೊದಲೆರಡು ಹೆಜ್ಜೆಗಳು ಆಗಲೂ ಸರಿ, ಆದರೆ △DEC = 6 ಆಯಿತು, △BDE ಇನ್ನೂ 4. ಸಾಧನೆ ಮೂರನೇ ಹೆಜ್ಜೆಯಲ್ಲೇ ಮುರಿಯಿತು. DE ಈಗ BC ಗೆ ಸಮಾಂತರವಲ್ಲ. ಯಾವ ಹೆಜ್ಜೆ ಮುರಿಯಿತು ಎಂದು ಬೆರಳಿಟ್ಟು ತೋರಿಸಬಲ್ಲ ವಿದ್ಯಾರ್ಥಿ ಸಾಧನೆಯನ್ನು ಅರಿತಿದ್ದಾನೆ. ಅಕ್ಷರಗಳನ್ನು PQR ಎಂದು ಬದಲಿಸಿದೊಡನೆ ತಡವರಿಸುವವನು ಬಾಯಿಪಾಠ ಮಾಡಿದ್ದಾನೆ.

ಇದರಿಂದ ಇನ್ನೊಂದು ಲಾಭವಿದೆ. ಹಂದರವನ್ನು ಕೆಳಗಿನಿಂದ ಮೇಲಕ್ಕೆ ಓದಿ. ಅನುಪಾತಗಳು ಸಮವೆಂದು ಕೊಟ್ಟರೆ, ಹೆಜ್ಜೆ 1 ಮತ್ತು 2ರಿಂದ △BDE, △DEC ಗಳ ವಿಸ್ತೀರ್ಣ ಸಮ. ಪಾದ DE ಒಂದೇ, ಆದ್ದರಿಂದ ಎತ್ತರ ಸಮ. B, C ಗಳು DE ಯ ಒಂದೇ ಬದಿಗಿವೆ, ಆದ್ದರಿಂದ BC ∥ DE. ವಿಲೋಮ ಪ್ರಮೇಯ ಸಿದ್ಧವಾಯಿತು. ನಮ್ಮ ತರಗತಿಗಳಲ್ಲಿ ವಿಲೋಮವನ್ನು ಇನ್ನೊಂದು ಬಿಂದುವನ್ನು ಊಹಿಸಿಕೊಂಡು ಬೇರೆ ದಾರಿಯಲ್ಲಿ ಸಾಧಿಸುವುದರಿಂದ, ಮಕ್ಕಳಿಗೆ ಅದು ಸಂಬಂಧವಿಲ್ಲದ ಹೊಸ ಭಾರವಾಗಿ ಕಾಣುತ್ತದೆ. ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ನ ಆರನೇ ಪುಸ್ತಕದ ಎರಡನೇ ಪ್ರಮೇಯದಲ್ಲಿ ಎರಡೂ ದಿಕ್ಕುಗಳನ್ನು ಒಟ್ಟಿಗೇ, ಇದೇ ವಿಸ್ತೀರ್ಣಗಳ ದಾರಿಯಲ್ಲೇ ಸಾಧಿಸಿದ್ದಾನೆ.

ಈ ಆಲೋಚನೆ ನನ್ನ ಸ್ವಂತದ್ದಲ್ಲ. ಇಸ್ರೇಲಿನ ಗಣಿತ ಶಿಕ್ಷಣತಜ್ಞ ಯೂರಿ ಲೆರಾನ್ 1983ರಲ್ಲಿ ‘ಅಮೆರಿಕನ್ ಮ್ಯಾಥಮೆಟಿಕಲ್ ಮಂತ್ಲಿ’ಯಲ್ಲಿ ಬರೆದ ಲೇಖನದಲ್ಲಿ, ಸಾಧನೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿಗೆ ನಡೆಸುವ ಬದಲು ಮೊದಲು ಮುಖ್ಯ ಆಲೋಚನೆ, ಅದರ ಕೆಳಗಿನ ಹಂತದಲ್ಲಿ ವಿವರ ಎಂದು ಕಟ್ಟಬೇಕೆಂದು ವಾದಿಸಿದರು. ನಾನು ಸೇರಿಸುವುದು ‘ದತ್ತ ಎಲ್ಲಿ ಬಳಕೆಯಾಯಿತು’ ಎಂಬ ಅಂಕಣದ ಮೇಲಿನ ಒತ್ತು ಮಾತ್ರ. ನಮ್ಮ ಶಾಲೆಗಳಲ್ಲಿ ಪಾಠ ಕುಸಿಯುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಅಲ್ಲೇ. √2 ಅಭಾಗಲಬ್ಧ ಎಂಬ ಸಾಧನೆಯಲ್ಲೂ ಇದನ್ನು ನೋಡಬಹುದು. ‘p, q ಸಹ-ಅವಿಭಾಜ್ಯ’ ಎಂದು ಎಲ್ಲರೂ ಮೊದಲಲ್ಲೇ ಬರೆಯುತ್ತಾರೆ. ಅದು ಬಳಕೆಯಾಗುವುದು ಕೊನೆಯಲ್ಲಿ, ಎರಡಕ್ಕೂ 2 ಅಪವರ್ತನ ಎಂದು ಬಂದಾಗ. ಆ ಮಾತನ್ನು ಅಳಿಸಿದರೆ ವಿರೋಧಾಭಾಸವೇ ಹುಟ್ಟುವುದಿಲ್ಲ.

ಹಾಳೆಯಿಂದ ಅಪಾಯವೂ ಇದೆ. ಹೊಸದುರ್ಗದ ಕಡೆ ಒಬ್ಬ ಪ್ರಶಿಕ್ಷಣಾರ್ಥಿ ತಾನು ಬರೆದ ಹಂದರವನ್ನೇ ಜೆರಾಕ್ಸ್ ಮಾಡಿ ಮಕ್ಕಳಿಗೆ ಹಂಚಿದ. ಮಾರನೆಯ ದಿನ ಮಕ್ಕಳು ಮೂರು ಹೆಜ್ಜೆಗಳನ್ನು ಕಂಠಪಾಠ ಒಪ್ಪಿಸಿದರು. ಹನ್ನೆರಡು ಸಾಲಿನ ಬಾಯಿಪಾಠ ಮೂರು ಸಾಲಿಗೆ ಇಳಿದಿತ್ತು, ಅಷ್ಟೇ. ಪರೀಕ್ಷೆಯಲ್ಲಿ ಹಂದರಕ್ಕೆ ಪೂರ್ಣ ಅಂಕವೂ ಸಿಗುವುದಿಲ್ಲ, ಪ್ರತಿ ಹೇಳಿಕೆಗೂ ಕಾರಣ ಬರೆಯಬೇಕು. ಆದ್ದರಿಂದ ಸಿದ್ಧ ಹಾಳೆ ಶಿಕ್ಷಕರ ಕೈಯಲ್ಲಿರಲಿ. ಮಕ್ಕಳು ಪೂರ್ಣ ಸಾಧನೆಯನ್ನು ಒಮ್ಮೆ ನೋಡಿದ ಮೇಲೆ, ಪುಸ್ತಕ ಮುಚ್ಚಿ, ತಮ್ಮದೇ ಹಂದರ ಬರೆಯಲಿ. ಮರುದಿನ ಆ ಹಂದರದಿಂದ ಪೂರ್ಣ ಸಾಧನೆಯನ್ನು ಮತ್ತೆ ಕಟ್ಟಲಿ. ಕಟ್ಟುವಾಗ ಎಲ್ಲಿ ನಿಂತರೋ ಅಲ್ಲಿ ಅವರ ಹಂದರಕ್ಕೆ ಒಂದು ಗೂಟ ಕಡಿಮೆಯಿದೆ ಎಂದು ತಿಳಿಯಬೇಕು.

ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪಾಠ ಯೋಜನೆಗೆ ಸಹಿ ಹಾಕುವ ಮೊದಲು ಈ ಹಾಳೆಯನ್ನು ಕೇಳಿ ಪಡೆಯಿರಿ. ಅದರ ಅಂದ ನೋಡಬೇಡಿ, ಪುಟ ಎಣಿಸಬೇಡಿ. ದತ್ತದ ಮೇಲೆ ಬೆರಳಿಟ್ಟು ‘ಇದು ಎಲ್ಲಿ ಬಳಕೆಯಾಯಿತು?’ ಎಂದು ಒಂದೇ ಪ್ರಶ್ನೆ ಕೇಳಿ. ಉತ್ತರ ಬರದಿದ್ದರೆ ಆ ಪಾಠ ಇನ್ನೊಂದು ದಿನ ತಡೆಯಲಿ. ಮುಂದಿನ ಸಾಲಿನ ಹುಡುಗಿ ಅದೇ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾಳೆ.