ಬೀರುವಿಗೂ ಬಾಗಿಲಿಗೂ ಒಂದೇ ಕೀಲಿ

ಹೋದ ತಿಂಗಳು ಒಂದು ರಾತ್ರಿ ಊಟಕ್ಕೆ ಕೂತಿದ್ದೆವು. ಏಳನೇ ಕ್ಲಾಸಿನ ಮೊಮ್ಮಗಳು ಸಾರು ಕಲಸುತ್ತಾ, "ತಾತ, ಬಯಾಪ್ಸಿ ಅಂದ್ರೆ ಏನು?" ಎಂದು ಕೇಳಿದಳು. ನನ್ನಾಕೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಡಾಕ್ಟರು ಬರೆದುಕೊಟ್ಟ ಆ ಚೀಟಿಯನ್ನು ನಾನು ಮನೆಯಲ್ಲಿ ಯಾರಿಗೂ ತೋರಿಸಿರಲಿಲ್ಲ. ಫಲಿತಾಂಶ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. (ಫಲಿತಾಂಶ ಆಮೇಲೆ ಬಂತು, ಭಯಪಡುವಂಥದ್ದೇನೂ ಇರಲಿಲ್ಲ. ಆದರೆ ಆ ನಾಲ್ಕು ದಿನ ಅವಳು ಸರಿಯಾಗಿ ನಿದ್ದೆ ಮಾಡಲಿಲ್ಲ.)

ಚೀಟಿಯ ಫೋಟೊವನ್ನು ನಾನೇನೂ ಬಯಲಲ್ಲಿ ಇಟ್ಟಿರಲಿಲ್ಲ. Google Photos ಆ್ಯಪಿನಲ್ಲಿರುವ Locked folder ಒಳಗೆ ಹಾಕಿದ್ದೆ. ಹಾಗಾದರೆ ಹುಡುಗಿ ಹೇಗೆ ನೋಡಿದಳು? ಆ ಫೋಲ್ಡರ್ ತೆರೆಯುವುದು ಫೋನಿನ ಪರದೆಯ ಬೀಗದಿಂದಲೇ, ಅಂದರೆ ಫೋನ್ ತೆರೆಯುವ ಅದೇ ಪಿನ್ ಅಥವಾ ಬೆರಳಚ್ಚಿನಿಂದ. ಹೋಂವರ್ಕಿಗೆ ಫೋನ್ ಕೇಳಿದಾಗಲೆಲ್ಲ ಎದ್ದು ಬರುವುದೇಕೆ ಎಂದು ಪಿನ್ ಅವಳಿಗೆ ಹೇಳಿದ್ದವನು ನಾನೇ. ಅವಳು ಕದ್ದು ನೋಡಿದ್ದಲ್ಲ. ಶಾಲೆಯ ಫೋಟೊ ಹುಡುಕುತ್ತಾ ಆ ಫೋಲ್ಡರ್ ಒತ್ತಿದಳು, ಪಿನ್ ಕೇಳಿತು, ಹಾಕಿದಳು.

ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಇದು ಹೊಳೆಯಬೇಕಿತ್ತು. ಲಾಕರಿಗೆ ಬ್ಯಾಂಕಿನದೊಂದು ಕೀಲಿ, ಗಿರಾಕಿಯದೊಂದು ಕೀಲಿ. ಬ್ಯಾಂಕಿನ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಲಾಕರ್ ತೆರೆಯುವುದಿಲ್ಲ. ನನ್ನ ಫೋನಿನಲ್ಲಿ ಹೊಸಲಿಗೂ ಬೀರುವಿಗೂ ಒಂದೇ ಕೀಲಿ ಇತ್ತು. ವಾಟ್ಸ್ಆ್ಯಪಿಗೆ ಹಾಕುವ ಬೆರಳಚ್ಚಿನ ಬೀಗವೂ ಹೀಗೆಯೇ. ಫೋನಿನಲ್ಲಿ ಮೊಮ್ಮಗಳ ಬೆರಳೂ ದಾಖಲಾಗಿದ್ದರೆ ಅದು ಅವಳ ಬೆರಳಿಗೂ ತೆರೆದುಕೊಳ್ಳುತ್ತದೆ.

ಬೇರೆ ಕೀಲಿಯ ಬೀರು ಬೇಕೆಂದರೆ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಇರುವ Files by Google ಆ್ಯಪ್ ನೋಡಿ. ಅದರೊಳಗೆ Safe folder ಎಂದು ಒಂದಿದೆ. ಮೊದಲ ಸಲ ತೆರೆದಾಗ ಅದು ತನ್ನದೇ ಒಂದು ಪಿನ್ ಕೇಳುತ್ತದೆ. ಫೋನಿನ ಪಿನ್ನನ್ನೇ ಇಲ್ಲಿಯೂ ಕೊಟ್ಟರೆ ಮತ್ತೆ ನನ್ನ ಕಥೆಯೇ! ಬೇರೆ ಪಿನ್ ಕೊಟ್ಟ ಮೇಲೆ, ಅದೇ ಆ್ಯಪಿನಲ್ಲಿ ಫೋಟೊ ಹುಡುಕಿ, ಅದರ ಮೇಲೆ ಬೆರಳು ಒತ್ತಿ ಹಿಡಿದು, ಮೇಲಿನ ಮೂರು ಚುಕ್ಕೆ ಮುಟ್ಟಿ, Move to Safe folder ಆರಿಸಿ. ಗ್ಯಾಲರಿಯಿಂದ ಫೋಟೊ ಮಾಯವಾಗುತ್ತದೆ.

ಮಾಯವಾಯಿತು ಎಂದು ಅಲ್ಲಿಗೇ ಬಿಡಬೇಡಿ. ನನ್ನ ಚೀಟಿಯ ನಕಲು ಇನ್ನೂ ಎರಡು ಕಡೆ ಇತ್ತು. ಫೋಟೊಗಳನ್ನು ಗೂಗಲ್ ಖಾತೆಗೆ ತಾನಾಗಿ ಏರಿಸುವ ಏರ್ಪಾಡು ಮೊದಲಿಂದ ಚಾಲೂ ಇದ್ದುದರಿಂದ Photos ಆ್ಯಪಿನಲ್ಲಿ ಅದು ಹಾಗೆಯೇ ಕಾಣುತ್ತಿತ್ತು. ಜೊತೆಗೆ ಒಬ್ಬ ಗೆಳೆಯನಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದೆ, ಆ ಮಾತುಕತೆಯಲ್ಲೂ ಇತ್ತು. ಎರಡನ್ನೂ ಅಳಿಸಿದೆ. ಆದರೆ ಕ್ರಮ ಮುಖ್ಯ: ಮೊದಲು ಬೀರುವಿಗೆ ಸೇರಿಸಿ, ಆಮೇಲೆ Photos ಆ್ಯಪಿನಲ್ಲಿ ಅಳಿಸಬೇಕು. ಮೊದಲೇ ಅಲ್ಲಿ ಅಳಿಸಿದರೆ ಫೋನಿನಲ್ಲಿರುವ ಮೂಲವೂ ಅದರ ಜೊತೆಗೇ ಹೋಗುತ್ತದೆ. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಕೂತಿರುತ್ತದೆ, ಅದನ್ನೂ ಖಾಲಿ ಮಾಡಿ.

ಇನ್ನೊಂದು ಮಾತು ಅಜ್ಜಂದಿರಿಗೆ. ಈ ಬೀರುವಿನ ಪಿನ್ ಮರೆತರೆ ಹೊಸದು ಮಾಡಿಕೊಡುವವರು ಯಾರೂ ಇಲ್ಲ. ಒಳಗಿದ್ದುದು ಒಳಗೇ. ಫೋನ್ ಕಳೆದರೂ ಅಷ್ಟೇ. ಆದ್ದರಿಂದ ನಾನು ಮೂಲ ಚೀಟಿಯನ್ನು ಕಾಗದದ ಫೈಲಿನಲ್ಲೇ ಇಟ್ಟಿದ್ದೇನೆ. ಪಿನ್ ನನ್ನಾಕೆಯ ಹಾಲಿನ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿದೆ.

ಮೊಮ್ಮಕ್ಕಳಿಗೆ ಅರ್ಧ ಗಂಟೆ ಫೋನ್ ಕೊಡಲು ಇನ್ನೂ ಸುಲಭದ ದಾರಿ ಒಂದಿದೆ. ಸೆಟ್ಟಿಂಗ್ಸಿನ ಹುಡುಕುವ ಜಾಗದಲ್ಲಿ pin ಎಂದು ಬರೆದರೆ App pinning (ಕೆಲವು ಫೋನುಗಳಲ್ಲಿ Pin app) ಸಿಗುತ್ತದೆ. ಅದನ್ನು ಚಾಲೂ ಮಾಡಿ, ಬಿಡಿಸುವಾಗ ಪಿನ್ ಕೇಳುವ ಆಯ್ಕೆಯನ್ನೂ ಹಾಕಿ. ಆಮೇಲೆ ಮಗುವಿಗೆ ಬೇಕಾದ ಆ್ಯಪ್ ತೆರೆದು, ಇತ್ತೀಚಿನ ಆ್ಯಪುಗಳ ಪಟ್ಟಿಗೆ ಹೋಗಿ, ಅದರ ಚಿಹ್ನೆ ಮುಟ್ಟಿ Pin ಒತ್ತಿ. ಪರದೆ ಆ ಒಂದು ಆ್ಯಪಿಗೇ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಫೋನಿನ ಪಿನ್ ಗೊತ್ತಿರುವ ಮಗುವಿಗೆ ಇದೂ ಲೆಕ್ಕಕ್ಕಿಲ್ಲ, ಹಾಗಾಗಿ ಮೊದಲು ಅದನ್ನು ಬದಲಿಸಿದೆ.

ಪಿನ್ ಬದಲಾದದ್ದು ಮೊಮ್ಮಗಳಿಗೆ ಅದೇ ಸಂಜೆ ತಿಳಿಯಿತು. "ನನ್ನ ಮೇಲೆ ಕೋಪಾನಾ ತಾತ?" ಎಂದಳು. ಇಲ್ಲ ಪುಟ್ಟಿ, ಎಂದು ಲಾಕರಿನ ಎರಡು ಕೀಲಿಯ ಕಥೆ ಹೇಳಿದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ನನ್ನ ಡೈರಿಗೂ ಒಂದು ಬೀಗ ತಂದುಕೊಡಿ" ಎಂದಳು. ನಾಳೆ ಪೇಟೆಗೆ ಹೋಗಬೇಕು.