ಎಲ್ಲರಿಗೂ ಒಂದೇ ಉತ್ತರವೇ?

ಯಾರಿಗೂ ಬೇಸರವಾಗದಿರಲೆಂದು ಎಲ್ಲರ ಹೆಸರನ್ನೂ ಸಿಸಿಗೆ ತುಂಬುವುದೇ ಸೌಜನ್ಯವೆಂದು ನಮ್ಮ ಕಚೇರಿಗಳಲ್ಲಿ ನಂಬಿದ್ದಾರೆ. ನನ್ನ ಮಟ್ಟಿಗೆ ಅದು ಹೊಣೆ ಜಾರಿಸುವ ಜಾಣತನ. ಏಳು ಜನರಿಗೆ ಹೋದ ಪ್ರಶ್ನೆಗೆ ಪ್ರತಿಯೊಬ್ಬರೂ ಉಳಿದ ಆರು ಜನರ ಮುಖ ನೋಡುತ್ತಾರೆ. ಕೆಲಸ ಮಾಡಬೇಕಾದವರ ಹೆಸರು 'ಟು'ವಿನಲ್ಲಿರಲಿ; ಯಾರ ಕೆಲಸ ಅದರಿಂದ ಬದಲಾಗುತ್ತದೋ ಅವರಷ್ಟೇ ಸಿಸಿಯಲ್ಲಿರಲಿ.

ಸಿದ್ಧ ಉಡುಪಿನ ಘಟಕ, ಬಟ್ಟೆ ಕೊಡುವ ಗಿರಣಿ, ಲಾರಿ ಕಂಪನಿ, ಮೂವರದೂ ಒಂದೇ ಮೇಲ್ ಸರಣಿ ಎಂದಿಟ್ಟುಕೊಳ್ಳಿ. ಬಟ್ಟೆ ನಾಲ್ಕು ದಿನ ತಡವೆಂದು ಗಿರಣಿ ಬರೆಯುತ್ತದೆ. ಘಟಕದವರು ಎಲ್ಲರಿಗೂ ಉತ್ತರಿಸಲೇಬೇಕು. ಲಾರಿಯ ದಿನವೂ ಬದಲಾಗುತ್ತದಲ್ಲ! ಆದರೆ ತಡಕ್ಕೆ ದರದಲ್ಲಿ ಎಷ್ಟು ಕಡಿತವೆಂಬ ಮಾತು ಲಾರಿಯವರಿಗೇಕೆ? ಮದುವೆಮನೆಯಲ್ಲಿ ಊಟದ ಹೊತ್ತನ್ನು ಕೂಗಿ ಹೇಳುತ್ತೇವೆ, ಅಡಿಗೆಯವರಿಗೆ ಕೊಡುವ ಹಣವನ್ನು ಕೂಗುತ್ತೇವೆಯೇ?

ಆ ಮಾತು ಗಿರಣಿಯವರೊಡನೆ ಮಾತ್ರ ನಡೆಯಲಿ. ಅದೂ ಹಳೆಯ ಮೇಲಿನಿಂದ ಹೆಸರುಗಳನ್ನು ಅಳಿಸಿಯಲ್ಲ, ಬೇರೆ ಶೀರ್ಷಿಕೆಯ ಹೊಸ ಮೇಲಿನಲ್ಲಿ. ಇಲ್ಲವಾದರೆ ನಾಳೆ ಯಾರೋ ಲಾರಿಯವರನ್ನು ಮತ್ತೆ ಸೇರಿಸಿದಾಗ, ಕೆಳಗೆ ಬಾಲದಂತೆ ಅಂಟಿಕೊಂಡ ಚೌಕಾಶಿಯೆಲ್ಲ ಅವರ ಕಣ್ಣಿಗೆ ಬೀಳುತ್ತದೆ.

ಮೇಲಧಿಕಾರಿಯನ್ನು ಗುಟ್ಟಾಗಿ ಬಿಸಿಸಿಯಲ್ಲಿ ಕೂರಿಸುವುದಂತೂ ಬೇಡವೇ ಬೇಡ. ಅವರು ಮರೆತು 'ರಿಪ್ಲೈ ಆಲ್' ಒತ್ತಿದರೆ ಗುಟ್ಟು ಬಯಲು. ಕಳಿಸಿದ ಮೇಲನ್ನು ಅವರಿಗೆ ಪ್ರತ್ಯೇಕವಾಗಿ ಫಾರ್ವರ್ಡ್ ಮಾಡಿದರಾಯಿತು. ಅವರ ಉತ್ತರ ನಮಗಷ್ಟೇ ಬರುತ್ತದೆ.

ಆದರೆ ಖಾಸಗಿ ಮಾತಿನ ತೀರ್ಮಾನ ಎಲ್ಲರ ಸರಣಿಗೆ ಮರಳಲೇಬೇಕು: "ಬಟ್ಟೆ 14ಕ್ಕೆ ಬರುತ್ತದೆ, ಲಾರಿ 15ಕ್ಕೆ ಕಳಿಸಿ." ಇದನ್ನು ಬರೆಯದೆ ಸುಮ್ಮನಾದರೆ, ಲಾರಿ ಹಳೆಯ ದಿನವೇ ಬಂದು ಖಾಲಿ ನಿಲ್ಲುತ್ತದೆ. ಅದರ ಬಾಡಿಗೆ ತೆರುವವರು ಯಾರು?